ಫೆರ್ಮಿನ್‌ನ ಶನಿವಾರದ ಪೇಪರ್

ಕನ್ನಡಿಯ ಮೂಲೆಯಲ್ಲಿ ಹಳದಿ ಬಣ್ಣದ್ದೇನೋ ಅಲ್ಲಾಡಿತು, ಫೆರ್ಮಿನ್‌ನ ಅಂಗಿ, ಅವನದೇ, ಮೊಕಾ ಊರಿನಲ್ಲಿ ಆ ಮಾಗಿದ ಬಾಳೆಹಣ್ಣಿನ ಬಣ್ಣ ತೊಡುವ ಧೈರ್ಯ ಇನ್ಯಾರಿಗಿದೆ, ಬೀದಿಯ ನಡುವೆ ನಿಂತಿದ್ದಾನೆ, ಇತ್ತ ಬರುತ್ತಾನೋ ಎದುರಿನ ಹೊಸ ಸಲೂನಿಗೆ ತಿರುಗುತ್ತಾನೋ — ಕ್ಷೌರದ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸುತ್ತಿದ್ದ ಲಿಸಾಂದ್ರೊ ಕನ್ನಡಿಯಲ್ಲೇ ಕಣ್ಣಿಟ್ಟ, ತಿರುಗಿ ನೋಡಲಿಲ್ಲ, ತಿರುಗಿದರೆ ಬೆಂಚಿನ ಮೇಲಿರುವ ಕೀಕೊ ನೋಡುತ್ತಾನೆ, ಆ ಬೈಕ್ ಟ್ಯಾಕ್ಸಿಯವನಿಗೆ ಬಾಡಿಗೆಗಿಂತ ಊರಿನ ಸುದ್ದಿಯೇ ಹೊಟ್ಟೆ ತುಂಬಿಸುತ್ತದೆ. ಒಂದು ವಾರದಿಂದ ಎಲ್ಲರೂ ಹೀಗೇ, ಒಳಗೆ ಬರುತ್ತಾರೆ, ಹವಾಮಾನದ ಮಾತಾಡುತ್ತಾರೆ, ಸ್ವಲ್ಪ ಕಿವಿ ಹತ್ರ ಸಣ್ಣ ಮಾಡಿ ದೋನ್ ಲಿಸಾಂದ್ರೊ, ಎಷ್ಟಾಯ್ತು ದೋನ್ ಲಿಸಾಂದ್ರೊ. ದೋನ್ ಅಂತೆ ದೋನ್, ಊರ ಯಜಮಾನರಿಗೆ ಅನ್ನುವ ಹಾಗೆ! ಮೂವತ್ತು ವರ್ಷ ಈ ಅಂಗಡಿಯಲ್ಲಿ ಅವನು ಕೊಕ್ಕರೆ, ಈ ಉದ್ದ ಕಾಲು ನೋಡಿ ಫೆರ್ಮಿನ್ನೇ ಇಟ್ಟ ಹೆಸರು, ಏ ಕೊಕ್ಕರೆ ಕೆರೇಲಿ ಮೀನು ಸಿಕ್ತಾ, ಏ ಕೊಕ್ಕರೆ ಬಗ್ಗೋ ಸೊಂಟ ಉಳುಕೀತು. ಈ ಅಂಗಡಿಗೆ ಕಾಲಿಟ್ಟವನ ಕಾಲೆಳೆಯದೆ ಕಳಿಸುವುದಿಲ್ಲ, ಬೋಳುತಲೆಯಾಗಲಿ, ಕೆಟ್ಟುನಿಂತ ಬೈಕಾಗಲಿ, ಅತ್ತೆಯಾಗಲಿ, ಸಿಟ್ಟಾದವನು ಸೋತ ಹಾಗೆ, ಅವನಿಗೆ ಇನ್ನೂ ಎರಡು ಹೆಚ್ಚೇ ಬೀಳುತ್ತದೆ. ಆದರೆ ಸಿಟ್ಟಾದ ಲಿಸಾಂದ್ರೊಗೆ ಹೆಚ್ಚೂ ಬೀಳಲಿಲ್ಲ, ಕಡಿಮೆಯೂ ಬೀಳಲಿಲ್ಲ, ಏನೂ ಇಲ್ಲ, ಬರೀ ಮರ್ಯಾದೆ. ಬೆನ್ನ ಹಿಂದೆ ಏನು ಮಾತಾಡಿಕೊಳ್ಳುತ್ತಾರೋ. ಅಥವಾ ಮಾತೇ ಆಡುವುದಿಲ್ಲವೋ, ಅದು ಇನ್ನೂ ಕೆಟ್ಟದ್ದು.

ಶುರು ಮಾಡಿದ್ದು ಅವನು, ಫೆರ್ಮಿನ್, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹೋದ ಶನಿವಾರ, ಎಲ್ಲರೂ ಇದ್ದರು, ಲಾಟರಿ ಮಾರುವ ಮಿನೆರ್ವ ಕೂಡ ಬಾಗಿಲಲ್ಲಿ ನಿಂತಿದ್ದಳು, ಕೇಳ್ರಪ್ಪಾ ಕೇಳಿ, ನಮ್ಮ ಕೊಕ್ಕರೆ ರಾತ್ರಿ ಒಬ್ನೇ ಮಲಗಲ್ಲ, ದಿಂಬಿಗೆ ನೈಟಿ ತೊಡಿಸಿ ತಬ್ಕೊಂಡು ಮಲಗ್ತಾನೆ, ದಿಂಬು ಏನಂತಪ್ಪಾ, ಗೊರಕೆ ಹೊಡೀತಾ? — ಹೆಂಡತಿ ನೆರೇಯ್ದಾಳ ನೈಟಿ, ಸಣ್ಣ ನೀಲಿ ಹೂವಿನದು, ಅವಳು ತೀರಿಹೋಗಿ ಎರಡು ವರ್ಷವಾದರೂ ಕುತ್ತಿಗೆಯ ಹತ್ತಿರ ಅವಳ ಪೌಡರಿನ ವಾಸನೆ ಇನ್ನೂ ಇದೆ, ಅವಳ ವರ್ಷದ ಪ್ರಾರ್ಥನೆ ಮುಗಿದ ದಿನ ಚರ್ಚಿನ ಮೆಟ್ಟಿಲ ಮೇಲೆ ಅದನ್ನು ಫೆರ್ಮಿನ್‌ಗೆ ಹೇಳಿದ್ದ, ಅವನೊಬ್ಬನಿಗೇ, ಆಗ ಇವನ ಬೆನ್ನು ಸವರಿದ ಕೈ ಅದೇ ತಾನೆ. ಕೀಕೊ ತೊಡೆ ತಟ್ಟಿ ನಕ್ಕ, ಮಿನೆರ್ವ ನಕ್ಕಳು, ಲಿಸಾಂದ್ರೊಗೆ ಕಿವಿ ಉರಿಯಿತು, ಅಷ್ಟರಲ್ಲಿ ಕಂಡಿತು, ಫೆರ್ಮಿನ್‌ನ ಕೈಯಲ್ಲಿದ್ದ ಪೇಪರ್. ಪ್ರತಿ ಶನಿವಾರ ಅದನ್ನು ಬಿಡಿಸಿ ಕೂರುತ್ತಾನೆ, ಕನ್ನಡಕ ಮರೆತೆ ಕಣೋ, ಸ್ವಲ್ಪ ಓದು ಅನ್ನುತ್ತಾನೆ, ಲಿಸಾಂದ್ರೊ ಓದುತ್ತಾನೆ, ಅವನಿಗೆ ಕನ್ನಡಕವೂ ಇಲ್ಲ ಅಕ್ಷರವೂ ಬರುವುದಿಲ್ಲ ಎಂಬುದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೇ ಓದುತ್ತಾನೆ. ಆ ದಿನ ಒಳಪುಟ ತೆರೆದಿತ್ತು, ಒಂದೂ ಚಿತ್ರವಿಲ್ಲ, ಬರೀ ಇರುವೆ ಸಾಲಿನಂಥ ಅಕ್ಷರ, ತಲೆಕೆಳಗು. ಮೊದಲು ಪೇಪರ್ ನೆಟ್ಟಗೆ ಹಿಡಿ ಕತ್ತೆ, ಓದೋಕೆ ಬಂದಿದ್ರೆ ಗೊತ್ತಾಗ್ತಿತ್ತು ತಲೆ ಯಾವುದು ಕಾಲು ಯಾವುದು ಅಂತ, ಅರವತ್ತು ವರ್ಷವಾದ್ರೂ ನಿನ್ನ ಹೆಸರು ಬರೆಯೋಕೆ ಬರಲ್ಲ ನಿನಗೆ! ಯಾರೂ ನಗಲಿಲ್ಲ. ಫೆರ್ಮಿನ್ ಪೇಪರನ್ನು ಮೆಲ್ಲಗೆ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ, ಯಾವುದು ಸರಿಯೆಂದು ತಿಳಿಯದೆ ಮಡಚಿಟ್ಟು ಎದ್ದು ಹೋದ, ಆ ತಿರುಗಿಸಿದ್ದು, ಆ ಎರಡು ಸಲ ತಿರುಗಿಸಿದ್ದು.

ಗುರುವಾರ ಅವನ ಮನೆ ಬಾಗಿಲಿಗೆ ಹೋಗಿಯೂ ಆಯಿತು, ಬೇಸರ ಆಗಿದ್ರೆ ಕ್ಷಮಿಸು ಮಾರಾಯ, ಆದ್ರೆ ಶುರು ಮಾಡಿದ್ದು ನೀನೇ ತಾನೆ, ಎಂದ ಲಿಸಾಂದ್ರೊ. ಆ 'ಆದ್ರೆ' ಬಾಯಿಂದ ಬೀಳುತ್ತಿದ್ದಂತೆಯೇ ಫೆರ್ಮಿನ್‌ನ ಮುಖ ಬಾಗಿಲು ಮುಚ್ಚಿಕೊಂಡಿತು. ಕಾಫಿ ತಗೋತೀರಾ ದೋನ್ ಲಿಸಾಂದ್ರೊ? ಸಕ್ಕರೆ ಸರಿಯಾಗಿದೆಯಾ ದೋನ್ ಲಿಸಾಂದ್ರೊ? ಅದು ಕ್ಷಮೆಯಲ್ಲ, ಲೆಕ್ಕ ಚುಕ್ತಾ ಮಾಡಲು ಹೋದಂತಾಯಿತು, ದಾರಿಯಲ್ಲಿ ಮರಳುವಾಗಲೇ ಲಿಸಾಂದ್ರೊಗೂ ಗೊತ್ತಾಗಿತ್ತು. ಹಾಗಿದ್ದ ಮೇಲೆ ಈಗ ಯಾಕೆ ಬರುತ್ತಿದ್ದಾನೆ, ಬಗಲಲ್ಲಿ ಪೇಪರ್ ಬೇರೆ, ಎಲ್ಲರೂ ಇರುವ ಹೊತ್ತೇ ನೋಡಿಕೊಂಡು — ಇನ್ನೇನು ಬಿಚ್ಚುತ್ತಾನೆ, ಅವನಿಗೆ ನನ್ನ ಗುಟ್ಟು ಒಂದಾ ಎರಡಾ, ಆಸ್ಪತ್ರೆಯಲ್ಲಿ ನಾನು ನೆರೇಯ್ದಾಳ ಕೋಣೆಗೆ ಹೋಗಲು ಹೆದರಿ ಹೊರಗೇ ಕೂತಿದ್ದು ಅವನಿಗೆ ಗೊತ್ತು. ಬಾಗಿಲ ಗಂಟೆ ಕಿಣಿಗುಟ್ಟಿತು. ವಾರದ ಗಡ್ಡ, ಮುಖದ ತುಂಬ ಬಿಳಿ ಕೂಳೆ, ಎದುರಿನ ಸಲೂನಿಗೆ ಹೋಗಿಲ್ಲ ಹಾಗಾದರೆ, ಅಥವಾ ಹೋಗಿಲ್ಲವೆಂದು ತೋರಿಸಲಿಕ್ಕೇ ಬಿಟ್ಟನೋ. ಫೆರ್ಮಿನ್ ಯಾರನ್ನೂ ನೋಡದೆ ಕುರ್ಚಿಯಲ್ಲಿ ಕುಳಿತ, ಗಡ್ಡ ದೋನ್ ಲಿಸಾಂದ್ರೊ, ಎಂದ. ಕೀಕೊ ಹುರಿದ ಬಾಳೆಕಾಯಿ ಅಗಿಯುವುದನ್ನು ನಿಲ್ಲಿಸಿದ, ಬಾಗಿಲ ಬಳಿ ಮಿನೆರ್ವ ಲಾಟರಿ ಚೀಟಿ ಎಣಿಸುವುದನ್ನು ನಿಲ್ಲಿಸಿದಳು.

ಲಿಸಾಂದ್ರೊನ ಕೈ ರೇಡಿಯೊ ಕಡೆ ಹೋಯಿತು, ಆರಿಸಿತು, ಈಗ ಹೇಳದಿದ್ದರೆ ಇನ್ನು ಹೇಳಲಾರೆ, ಬೈದದ್ದು ಎಲ್ಲರ ಮುಂದೆ, ಮನೆ ಬಾಗಿಲಲ್ಲಿ ಪಿಸುಗುಟ್ಟಿದರೆ ಇವರಿಗೆ ಹೇಗೆ ಗೊತ್ತಾಗಬೇಕು. ಕೀಕೊ, ಮಿನೆರ್ವ, ನೀವೂ ಕೇಳಿ. ಹೋದ ವಾರ ನಾನಾಡಿದ್ದು ತಪ್ಪು. ಅವನು ನಂಬಿ ನನ್ನ ಹತ್ರ ಬಿಟ್ಟಿದ್ದ ಗುಟ್ಟನ್ನ ತೆಗೆದು ನಿಮ್ಮೆಲ್ಲರ ಮುಂದೆ ಎಸೆದೆ, ನೋಯಿಸಬೇಕು ಅಂತಲೇ ಎಸೆದೆ. ಕ್ಷಮಿಸು ಫೆರ್ಮಿನ್. — ಆದ್ರೆ, ಎಂದಿತು ನಾಲಿಗೆಯ ತುದಿ, ಆದ್ರೆ ನೀನೂ, ಹಲ್ಲು ಕಚ್ಚಿದ, ನುಂಗಿದ, ಕಹಿ ಮಾತ್ರೆಯನ್ನು ನೀರಿಲ್ಲದೆ ನುಂಗಿದ ಹಾಗಾಯಿತು. ಫೆರ್ಮಿನ್ ಏನೋ ಹೂಡಿದ್ದಾನೆ. ಗದ್ದ ಎತ್ತಿ ಕುತ್ತಿಗೆ ಕೊಟ್ಟ, ಬಿಸಿ ಟವೆಲ್, ನೊರೆ, ಕತ್ತಿ ಗಂಟಲ ಗುಬುಟಿನ ಮೇಲೆ ಬಂದಾಗ ಕಣ್ಣು ಮುಚ್ಚಿದ, ವೈರಿಯ ಕೈಗೆ ಯಾರಾದರೂ ಹೀಗೆ ಕುತ್ತಿಗೆ ಕೊಡುತ್ತಾರೆಯೇ. ಅವನ ತುಟಿ ಅಲ್ಲಾಡಿತು, ಇವನೊಬ್ಬನಿಗೇ ಕೇಳುವಷ್ಟು. ನಿನ್ನ ಮುಖ ಸಣ್ಣದಾಗಿದ್ದು ಕಂಡಿತ್ತು ಕಣೋ. ಅವರು ನಗ್ತಿದ್ರಲ್ಲ, ನಿಲ್ಸೋಕೆ ಮನಸ್ಸಾಗಲಿಲ್ಲ. ಆ ನೈಟಿ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ. ಬೈಕು, ಬೋಳುತಲೆ, ನನ್ನ ಕಾಲು, ಏನು ಬೇಕಾದ್ರೂ ಎಳಿ, ನೆರೇಯ್ದಾಳನ್ನ ಮಾತ್ರ ಬಿಡು, ಎಂದ ಲಿಸಾಂದ್ರೊ, ಕಣ್ಣು ತುಂಬಿತ್ತು, ನೊರೆ ಒರೆಸುವ ನೆಪದಲ್ಲಿ ಆಚೆ ತಿರುಗಿದ. ಬಿಟ್ಟೆ, ಎಂದ ಫೆರ್ಮಿನ್. ಅಷ್ಟೇನಾ? ಇಷ್ಟು ಸುಲಭವಾ? ಒಬ್ಬರೇ ಇದ್ದಾಗ ಚರ್ಚಿನ ಮೆಟ್ಟಿಲ ಮೇಲೂ ಅವನು ಹೀಗೇ ಮೆತ್ತಗಿದ್ದ, ನಾಳೆ ನಾಲ್ಕು ಜನ ಸೇರಿದಾಗ ಏನಾಗುತ್ತಾನೋ.

ಮುಖ ಒರೆಸಿದ ಮೇಲೂ ಫೆರ್ಮಿನ್ ಏಳಲಿಲ್ಲ, ಬಗಲಿನ ಪೇಪರ್ ತೆಗೆದ, ಕೊಡವಿ ಬಿಡಿಸಿದ, ಅಂಗಡಿಗೆಲ್ಲ ಕೇಳುವಂತೆ ಗಂಟಲು ಸರಿಮಾಡಿಕೊಂಡ, ಏ ಕೊಕ್ಕರೆ, ಬಾ ಇಲ್ಲಿ, ಇವತ್ತೇನೋ ದೊಡ್ಡ ಸುದ್ದಿ ಇದ್ದ ಹಾಗಿದೆ, ಓದು! ಕೊಕ್ಕರೆ ಎಂದನಾ, ಎಂದ, ಎಲ್ಲರೂ ಕೇಳಿದರು, ಆದರೆ ಪೇಪರ್, ದೇವರೇ, ಮತ್ತೆ ತಲೆಕೆಳಗು, ಕೀಕೊ ಉಸಿರು ಹಿಡಿದ, ಹೇಳಬೇಕಾ, ಹೇಳದೆ ಬಿಡಬೇಕಾ, ಪಾಪ ಮತ್ತೆ ಗೊತ್ತಾಗಲಿಲ್ಲ ಇವನಿಗೆ, ಇಲ್ಲ ಇದೇ ಬಲೆಯಾ, ನಕ್ಕರೆ ನಕ್ಕ ಎಂದು ಹಿಡಿಯುತ್ತಾನೆ, ಸುಮ್ಮನಿದ್ದರೆ ಹೆದರಿದ ಎಂದು — ಬಗ್ಗಿದ ಲಿಸಾಂದ್ರೊ, ಹತ್ತಿರದಿಂದ ನೋಡಿದ, ಇದು ಒಳಪುಟವಲ್ಲ, ಆಟದ ಪುಟ, ಪುಟದ ತುಂಬ ಒಂದೇ ಫೋಟೊ, ಬೇಸ್‌ಬಾಲ್ ಆಡುವ ಹುಡುಗ ದಾಂಡು ಬೀಸುತ್ತಿದ್ದಾನೆ, ಅಕ್ಷರ ಬರದವನಿಗೂ, ಹಸುಗೂಸಿಗೂ ಗೊತ್ತಾಗುತ್ತದೆ, ಟೋಪಿ ಕೆಳಗೆ, ಹುಲ್ಲು ಮೇಲೆ, ಬೇಕಂತಲೇ ಹಾಗಾದರೆ, ಫೆರ್ಮಿನ್ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಇವನ ಮಾತಿಗೆ ಕಾಯುತ್ತಿದ್ದಾನೆ, ಅದರ ನಡುವೆ ಆ ಹುಡುಗ, ತಲೆ ಕೆಳಗೆ, ಕಾಲು ಮೇಲೆ, ಎರಡೂ ಕಾಲು ಆಕಾಶಕ್ಕೆ.