ಕಂಠದವರೆಗೆ ಒಂದು ಲೀಟರ್

ಚಿಕ್ಕಪ್ಪನ ಸ್ಟೀಲ್ ಪಾತ್ರೆ ಅಂಗಡಿಯ ಸಾಮಾನನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕುವುದು ನನ್ನ ಕೆಲಸ. ಫೋಟೋ ತೆಗೆದು ಕೆಳಗೆ ವಿವರ ಬರೆಯಬೇಕು. ವಿವರವೆಂದರೆ ಏನು ಮಹಾ! ಕಾರ್ಖಾನೆಯ ಚೀಟಿಯಲ್ಲಿ ಇದ್ದದ್ದನ್ನು ಹಾಗೇ ಇಳಿಸುತ್ತಿದ್ದೆ. ‘ಮುಚ್ಚಳದ ಜಗ್ಗು, 304, 24 ಗೇಜ್, 1 ಲೀಟರ್.’ ಆ ಜಗ್ಗಿನ ವಿವರ ಓದಿದವರು ಯಾರೂ ಪ್ರಶ್ನೆ ಕೇಳಿರಲಿಲ್ಲ, ಆ ದಿನ ಮಧ್ಯಾಹ್ನದವರೆಗೆ.

ಫೋನ್ ಮಾಡಿದವಳು ಬಟ್ಟೆಗೆ ಬಣ್ಣ ಹಾಕುವ ಹೆಂಗಸು. “ಏನಮ್ಮಾ, ಬರೀ ಅಂಕಿ ಬರ್ದಿದ್ದೀಯ! 304 ಅಂದ್ರೇನು? ಗೇಜ್ ಅಂದ್ರೆ ಎಷ್ಟು ದಪ್ಪ? ಒಂದು ಲೀಟರ್ ಅಂದ್ರೆ ಎಲ್ಲಿವರೆಗೆ? ಅಳತೆ ತಪ್ಪಿದ್ರೆ ನನ್ನ ಬಣ್ಣ ಕೆಟ್ಟುಹೋಗತ್ತೆ.”

ನನಗೆ ರೇಗಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ, ಅದರ ಮೇಲೆ ಮನೆಯ ಚಿಂತೆ. ಅಪ್ಪನ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾಫಿ, ಮಾತ್ರೆಗೆ ಕುಡಿಯುವುದು ಎಲ್ಲ ಸೇರಿ ದಿನಕ್ಕೆ ಒಂದೇ ಲೀಟರ್ ನೀರು ಎಂದು ಡಾಕ್ಟರು ಗೆರೆ ಎಳೆದಿದ್ದಾರೆ. ಆದರೆ ತಿಂಗಳಿಂದ ಪ್ರತಿ ಸಲವೂ ತೂಕ ಅರ್ಧ ಕೆಜಿ ಹೆಚ್ಚು ಬರುತ್ತಿತ್ತು, ಕಾಲು ಊದುತ್ತಿತ್ತು. “ಹೀಗೇ ಆದರೆ ಹೃದಯ ತಡೆಯೋದಿಲ್ಲ” ಎಂದು ಎಚ್ಚರಿಸಿದ್ದರು. ಅಪ್ಪ ಕದ್ದು ಕುಡಿಯುತ್ತಾನೆ, ಇನ್ನೇನು! ನಾನು ಅಡುಗೆಮನೆಗೆ ಬೀಗ ಹಾಕಿದೆ. ಊತ ಇಳಿಯಲಿಲ್ಲ. “ಬಚ್ಚಲ ನಲ್ಲಿಗೂ ಬೀಗ ಹಾಕ್ಲಾ? ನಾಚಿಕೆ ಆಗಲ್ವಾ ಅಪ್ಪ?” ಎಂದು ಕೂಗಾಡಿದ್ದೆ. ಅಪ್ಪ, “ನನಗೆ ಗೊತ್ತಿದ್ದ ಹಾಗೆ ಕುಡಿದಿಲ್ಲ ಮಗಳೇ” ಎಂದಿದ್ದ. ಗೊತ್ತಿದ್ದ ಹಾಗೆ! ಎಂಥ ನಾಟಕ ಎಂದುಕೊಂಡಿದ್ದೆ.

ಆ ಹೆಂಗಸಿಗೆ ಉತ್ತರ ಕೊಡಬೇಕಿತ್ತಲ್ಲ, ಜಗ್ಗು, ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಬಕೆಟ್ ನೀರು ಹಿಡಿದು ಹಿಂದಿನ ಕೋಣೆಗೆ ಹೋದೆ. ಬಿಸಿಲು ಬಕೆಟ್ಟಿಗೆ ಬಿದ್ದು, ನೀರಿನ ಬೆಳಕು ಸೂರಿನ ಮೇಲೆ, ಸಾಲು ಪಾತ್ರೆಗಳ ಹೊಟ್ಟೆಯ ಮೇಲೆ ಅಲೆಯುತ್ತಿತ್ತು. ಗೋಡೆಯೇ ಮೆಲ್ಲಗೆ ಹರಿಯುತ್ತಿದೆಯೇನೋ ಅನ್ನಿಸಿ ಸ್ವಲ್ಪ ಹೊತ್ತು ಯಾಕೆ ಬಂದೆನೆಂಬುದೇ ಮರೆತುಹೋಯಿತು. ರೇಗಿದ್ದೂ ಇಳಿಯಿತು. ಆಮೇಲೆ ಖಾಲಿ ಜಗ್ಗನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ನೀರು ಸುರಿದೆ. ಒಂದು ಗ್ರಾಂ ನೀರು ಎಂದರೆ ಒಂದು ಮಿಲಿಲೀಟರ್, ಲೆಕ್ಕ ಸುಲಭ.

ಸಾವಿರ ಗ್ರಾಂ ಆದಾಗ ನೀರು ಕಂಠಕ್ಕೆ ಬಂದಿತ್ತು. ಮೇಲೆ ಇನ್ನೂ ಜಾಗವಿತ್ತು. ಅಂಚಿನವರೆಗೆ ಸುರಿದೆ. ಸಾವಿರದ ಇನ್ನೂರ ಮೂವತ್ತು.

ಅಯ್ಯೋ ದೇವರೇ. ಮನೆಯಲ್ಲಿರುವುದೂ ಇದೇ ಜಗ್ಗು. ತಿಂಗಳ ಹಿಂದೆ ನಾನೇ ಒಯ್ದದ್ದು. ದಿನಾ ಬೆಳಿಗ್ಗೆ ನಾನೇ ಅಂಚು ಮುಟ್ಟುವಷ್ಟು ತುಂಬಿಸಿ, “ಇಷ್ಟೇ, ಒಂದು ಹನಿ ಹೆಚ್ಚಿಲ್ಲ” ಎಂದು ಅಪ್ಪನ ಮುಂದೆ ಕುಕ್ಕುತ್ತಿದ್ದೆ.

ಕಾರ್ಖಾನೆಯವರಿಗೆ ಫೋನ್ ಹಚ್ಚಿ ಜಗಳಕ್ಕೇ ನಿಂತೆ. “ನಿಮ್ಮ ಒಂದು ಲೀಟರ್ ಎಲ್ಲಿವರೆಗೆ ರೀ?”

“ಕಂಠದವರೆಗಮ್ಮ. ಮೇಲಿಂದು ಚೆಲ್ಲದೇ ಇರ್ಲಿ ಅಂತ ಬಿಟ್ಟ ಜಾಗ. ಪಾತ್ರೆ ಅಂಗಡಿಯವಳಾಗಿ ಇಷ್ಟೂ ಗೊತ್ತಿಲ್ವಾ?”

ಮಿಕ್ಕದ್ದನ್ನು ತಗ್ಗಿದ ದನಿಯಲ್ಲೇ ಕೇಳಿ ತಿಳಿದುಕೊಂಡು ಹೊಸದಾಗಿ ಬರೆದೆ: ‘ಉಕ್ಕು 304: ನೂರರಲ್ಲಿ ಸುಮಾರು ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್, ಬೇಗ ತುಕ್ಕು ಹಿಡಿಯದು. ತಗಡಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು. ನೀರು ಕಂಠದವರೆಗೆ ಒಂದು ಲೀಟರ್, ಅಂಚಿನವರೆಗೆ ಒಂದು ಲೀಟರ್ ಇನ್ನೂರ ಮೂವತ್ತು ಮಿಲಿ.’ ಚಿಕ್ಕಪ್ಪ ಇಣುಕಿ, “ಏನೇ ಇದು, ಜಗ್ಗಿನ ಜಾತಕ ಬರ್ದಿದ್ದೀಯಾ?” ಎಂದು ನಕ್ಕ. ನನಗೆ ಅಳು ಬಂತು. ಹೇಳದೆ ಕೇಳದೆ ಮನೆಗೆ ಓಡಿದೆ.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಕಣ್ಣು ಕೆಂಪಗೆ, ರೆಪ್ಪೆ ಭಾರ. ಕಾಲ ಬಳಿ ಕೂತು ಎಲ್ಲ ಹೇಳಿದೆ. “ತಪ್ಪು ನಂದು ಅಪ್ಪ. ನೀನು ಕದ್ದಿರಲಿಲ್ಲ. ನಾನೇ ಹೆಚ್ಚು ಕೊಟ್ಟು ನಿನ್ನನ್ನೇ ಕಳ್ಳ ಅಂದೆ.”

“ಹಾಗಾದ್ರೆ ನಾಳೆಯಿಂದ ಕಮ್ಮಿನಾ?”

“ಹೂಂ. ಒಂದು ಲೋಟ ಕಮ್ಮಿ.”

ಅವನ ಮುಖ ಬಾಡೀತೆಂದು ತಲೆ ತಗ್ಗಿಸಿದೆ. ಅವನು ನಿಟ್ಟುಸಿರು ಬಿಟ್ಟು ನಕ್ಕ.

“ದಿನಾ ಕನಸಲ್ಲಿ ನೀರು ಕುಡೀತಿದ್ದೆ ಕಣೆ. ತಣ್ಣಗೆ, ಗಟಗಟ ಅಂತ. ನೀನು ಅಷ್ಟು ಬೈದ ಮೇಲೆ, ನಿದ್ದೇಲೇ ಎದ್ದು ಹೋಗಿ ನಿಜವಾಗ್ಲೂ ಕುಡೀತಿದ್ದೀನೇನೋ ಅಂತ ಭಯ ಆಯ್ತು. ಅದಕ್ಕೇ ಕಣ್ಣು ಮುಚ್ತಾ ಇರ್ಲಿಲ್ಲ.”

ಕೈಹಿಡಿದು ಹಾಸಿಗೆಗೆ ಕರೆದೊಯ್ದೆ. ಹೊದಿಕೆ ಎಳೆದುಕೊಂಡು ಅಪ್ಪ ಪಿಸುಗುಟ್ಟಿದ:

“ಇನ್ಮೇಲೆ ಕನಸಲ್ಲಿ ಕುಡಿಬಹುದಲ್ವಾ?”

“ಕುಡಿ ಅಪ್ಪ,” ಎಂದೆ. “ಹೊಟ್ಟೆ ತುಂಬ ಕುಡಿ.”