ನಗುವಾಗ ಒತ್ತಿದ ಗುಂಡಿ

ಹೊಲಿಗೆ ಅಂಗಡಿಯಲ್ಲಿ ನನ್ನೆದೆ ಢವಢವ ಎಂದಾಗಲೆಲ್ಲ ತಂಗಿಯದು ಒಂದೇ ಪಾಠ: “ಗಾಬರಿ ಅಷ್ಟೇ ಅಕ್ಕಾ, ಉಸಿರು ಎಳ್ಕೊ.” ಆಸ್ಪತ್ರೆ ತಲುಪುವಷ್ಟರಲ್ಲಿ ಬಡಿತ ಸರಿಹೋಗಿರುತ್ತಿತ್ತು, ಇಸಿಜಿಯಲ್ಲಿ ಏನೂ ಇರುತ್ತಿರಲಿಲ್ಲ. ಅವಳ ಗೆದ್ದ ಮುಖ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಡಾಕ್ಟರು ಎದೆಗೆ ತಂತಿ ಅಂಟಿಸಿ, ದಿನವಿಡೀ ಬಡಿತ ದಾಖಲಿಸುವ ಪುಟ್ಟ ಯಂತ್ರವನ್ನು ಸೊಂಟಕ್ಕೆ ಕಟ್ಟಿದರು. “ಶುರುವಾದ ತಕ್ಷಣ ಈ ಗುಂಡಿ ಒತ್ತಿ.”

ತಂಗಿಯೊಂದಿಗೆ ಹೋಗಿ ಯಂತ್ರ ಮರಳಿಸಿದ ಮೇಲೆ ಡಾಕ್ಟರು ಪರದೆಯತ್ತ ಬೊಟ್ಟು ಮಾಡಿದರು. “ಎಂಬತ್ತಿದ್ದಿದ್ದು ಒಂದೇ ಏಟಿಗೆ ನೂರೆಂಬತ್ತು. ಗಾಬರಿಯಾದ್ರೆ ಸಾಮಾನ್ಯವಾಗಿ ಮೆಲ್ಲಗೆ ಏರತ್ತೆ. ಗುಂಡಿ ಒತ್ತಿದಾಗ ಏನ್ ಮಾಡ್ತಿದ್ರಿ?”

“ಇವಳು ಅಂಗಿಗೆ ತೋಳು ತಿರುಗಾಮುರುಗಾ ಹೊಲಿದಿದ್ಲು. ಬಿದ್ದು ಬಿದ್ದು ನಗ್ತಿದ್ದೆ.”

“ಹಾಗಾದ್ರೆ ಇದು ಹೃದಯದ ಲಯದ್ದೇ ತೊಂದರೆ. ಚಿಕಿತ್ಸೆ ಇದೆ.”

ತಂಗಿಯ ಮುಖ ಬಿಳಿಚಿಕೊಂಡಿತು.

“ಗಾಬರಿ ಅಷ್ಟೇ ಕಣೇ,” ಎಂದೆ. “ಉಸಿರು ಎಳ್ಕೊ.”