ಮೂರನೆಯ ಕರೆಗೆ

ಗಾಜಿನ ಆಚೆ ಅಚ್ಚುತಣ್ಣ ಕಾಣುತ್ತಿದ್ದರು, ಕೇಳಿಸುತ್ತಿರಲಿಲ್ಲ. ಠಾಣೆಯ ಜಗಲಿಯ ಬೆಂಚಿನಲ್ಲಿ ಕೂತು ನಾನು ಅವರ ತುಟಿಗಳನ್ನೇ ನೋಡುತ್ತಿದ್ದೆ. ನನ್ನ ಕೆಲಸ ಅದೇ ಆಗಿತ್ತು, ನೋಡುವುದು.

"ನೀವು ಒಳಗೆ ಕೂರುವ ಹಾಗಿಲ್ಲ ಮೇಡಂ," ಎಂದು ಎಸ್‌ಐ ಸುದರ್ಶನ ಮೊದಲೇ ಹೇಳಿದ್ದರು. "ನಡುವೆ ಭೇಟಿ ಆಗ್ಬಹುದು, ಅದು ಕಾನೂನು. ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಬೇಕು ಅಂತ ಕಾನೂನು ಇಲ್ಲ."

ಅವರು ಹೇಳಿದ್ದು ಸರಿಯಿತ್ತು. ಕಾಣುವ ಹಾಗೆ ಬೆಂಚು ಹಾಕಿಸಿಕೊಡಿ ಎಂದು ಮಾತ್ರ ಕೇಳಿದೆ. ಹಾಕಿಸಿಕೊಟ್ಟರು.

ಅಚ್ಚುತಣ್ಣನದು ಪಂಜ ಊರಿನ ಕಡೆ ಒಂದಿಷ್ಟು ಗದ್ದೆ. ಕಾಡುಹಂದಿ ಬಾರದ ಹಾಗೆ ಬದುವಿನಲ್ಲಿ ತಂತಿ ಎಳೆದು, ಪಂಪಿನ ಶೆಡ್ಡಿನಿಂದ ನೇರ ಕರೆಂಟು ಕೊಟ್ಟಿದ್ದರು. ಕಾನೂನಿಗೆ ವಿರುದ್ಧ ಎಂದು ಊರಿಗೆಲ್ಲ ಗೊತ್ತು, ಊರಲ್ಲೆಲ್ಲ ಉಂಟು. ಪಕ್ಕದ ಗದ್ದೆಯ ಕೃಷ್ಣಮೋಹನ, ಅಚ್ಚುತಣ್ಣನ ಜೊತೆಗೇ ಬೆಳೆದವರು. ತಂತಿ ಎಳೆಯುವಾಗ ಇನ್ನೊಂದು ತುದಿ ಹಿಡಿದಿದ್ದೂ ಅವರೇ. ಬೆಳಗಿನ ಜಾವ ತೋಡಿನ ನೀರು ಗದ್ದೆಗೆ ತಿರುಗಿಸಲು ಹೋದ ಕೃಷ್ಣಮೋಹನ ಆ ತಂತಿಗೆ ತಾಗಿ ಅಲ್ಲೇ ಹೋಗಿಬಿಟ್ಟರು.

ಅಚ್ಚುತಣ್ಣನನ್ನು ಬಂಧಿಸಿದಾಗ ಅವರ ಹೆಂಡತಿ ವಾಸಂತಿ ತಾಲೂಕು ಕಾನೂನು ಸೇವಾ ಸಮಿತಿಗೆ ಫೋನು ಮಾಡಿದರು. ಸಮಿತಿಯ ವಕೀಲರ ಪಟ್ಟಿಯಲ್ಲಿ ನನ್ನ ಹೆಸರು ಹೊಸದು: ಆಯಿಶತ್ ಶಿಫಾ. ಸ್ಕೂಟರಿನಲ್ಲಿ ಬಂದೆ.

ವಿಚಾರಣೆಗೆ ಮುಂಚೆ ಸ್ವಲ್ಪ ಹೊತ್ತು ಅವರೊಡನೆ ಮಾತಾಡಲು ಸಿಕ್ಕಿತು.

"ಹೆಸರು, ಊರು ಎಲ್ಲ ಹೇಳಿ ಅಚ್ಚುತಣ್ಣ. ನಿಮ್ಮ ಮೇಲೆಯೇ ತಪ್ಪು ಬರುವಂಥ ಪ್ರಶ್ನೆಗೆ ಉತ್ತರ ಹೇಳಲೇಬೇಕು ಅಂತ ಇಲ್ಲ. ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಮಧ್ಯದಲ್ಲಿ ಬೇಕಾದರೆ, ವಕೀಲರ ಹತ್ತಿರ ಮಾತಾಡ್ಬೇಕು ಅಂತ ಕೇಳಿ."

"ಎಂತಕ್ಕೆ ಮೇಡಂ ಇದೆಲ್ಲ? ತಪ್ಪಾಯ್ತು ಅಂತ ಹೇಳಿ ಮುಗಿಸುದಲ್ವಾ?"

"ಇಲ್ಲಿ ಹಾಗೆ ಮುಗಿಯುದಿಲ್ಲ. ಆ ದಿನ ಸ್ವಿಚ್ ಹಾಕಿದ್ದು ಯಾರು, ಗೊತ್ತಿದ್ದೇ ಹಾಕಿದ್ದಾ ಅನ್ನುದರ ಮೇಲೆ ಇಡೀ ಕೇಸು ನಿಂತಿದೆ. ಅಜಾಗ್ರತೆ ಅಂತ ಆದರೆ ಒಂದು. ಸಾವು ಆಗಬಹುದು ಅಂತ ಗೊತ್ತಿದ್ದೂ ಹಾಕಿದ್ದು ಅಂತ ಆದರೆ ತುಂಬಾ ವರ್ಷ ಒಳಗೆ."

ಅವರು ನನ್ನನ್ನು ನೋಡಲಿಲ್ಲ. "ಸುಮ್ಮನೆ ಕೂತರೆ ಕಳ್ಳನ ಹಾಗೆ ಕಾಣ್ತದೆ," ಎಂದರು.

ಹಾಗೆ ಒಳಗೆ ಹೋದವರು ಈಗ ಗಾಜಿನ ಆಚೆ ಇದ್ದರು.

ನನ್ನ ಅಜ್ಜಿ ಕದೀಜಮ್ಮ ಸಂಜೆಯಾದರೆ ಕತೆ ಹೇಳುವವರು. ಅವರ ಕತೆಗಳಲ್ಲಿ ಕಾಡಿನ ದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು. ಮೊದಲ ಕರೆಗೆ ಓ ಅಂದ ಹುಡುಗಿ ಮನೆ ಮುಟ್ಟುತ್ತಿರಲಿಲ್ಲ. "ಮನುಷ್ಯರಾದರೆ ಮೂರು ಸಲ ಕರೀತಾರೆ," ಎನ್ನುತ್ತಿದ್ದರು ಅಜ್ಜಿ. "ಬೇರೆಯದಕ್ಕೆ ಅಷ್ಟು ತಾಳ್ಮೆ ಇಲ್ಲ." ಸುಮ್ಮನೆ ನಡೆದು ಹೋದ ಹುಡುಗಿಗೆ ಆ ದಾರಿಯಲ್ಲಿ ಹೇಗಾಗುತ್ತಿತ್ತು ಎಂದು ನಾನು ಕೇಳಿರಲೇ ಇಲ್ಲ. ಬೆಂಚಿನ ಮೇಲೆ ಕೂತಾಗ ಅದು ತಲೆಗೆ ಬಂತು. ಉತ್ತರ ಕೊಡದವಳಿಗೆ ಜೊತೆ ಯಾರು?

ಬಾಗಿಲ ಬಳಿಯಿದ್ದ ಮಹಿಳಾ ಕಾನ್‌ಸ್ಟೆಬಲ್ ಅಕ್ಷಿತಾ ನನ್ನ ಮುಖ ನೋಡಿ ನಕ್ಕರು.

"ಮೇಡಂ, ಎಷ್ಟು ಅಂತ ಕಣ್ಣು ಬಿಟ್ಟು ನೋಡ್ತೀರಿ? ಕಣ್ಣಲ್ಲೇ ವಾದ ಮಾಡ್ತೀರಾ ಎಂತ?"

"ಅವರು ತಿರುಗಿ ನೋಡಿದಾಗ ನಾನು ಇಲ್ಲಿರ್ಬೇಕಲ್ಲ."

"ನಿಮ್ಮಂಥವರು ಬಂದ ಮೇಲೆ ನಮಗೆ ಚಾ ಕುಡಿಯುದಕ್ಕೂ ಪುರುಸೊತ್ತಿಲ್ಲ ಮಾರಾಯ್ರೆ," ಎಂದು ನನಗೂ ಒಂದು ಲೋಟ ತಂದುಕೊಟ್ಟರು.

ಚಾ ಆರುವ ಮೊದಲೇ ಒಳಗೆ ಏನೋ ಆಯಿತು. ಸುದರ್ಶನ ಮುಂದೆ ಬಾಗಿ ಏನೋ ಕೇಳಿದರು. ಅಚ್ಚುತಣ್ಣನ ಭುಜ ಕುಸಿಯಿತು. ಬಾಯಿ ತೆರೆದರು. ನಾನು ಎದ್ದು ನಿಂತೆ. ನಿಂತರೆ ಏನು ಪ್ರಯೋಜನ, ಕೂಗುವ ಹಾಗಿರಲಿಲ್ಲ. ಆಗ ಅವರು ತಿರುಗಿ ನನ್ನನ್ನು ನೋಡಿದರು. ಬಾಯಿ ಮುಚ್ಚಿ, ನನ್ನ ಕಡೆ ಬೆರಳು ತೋರಿಸಿದರು.

ಸುದರ್ಶನ ಕುರ್ಚಿ ಸರಿಸಿ ಹೊರಗೆ ಬಂದರು. "ನಿಮ್ಮ ಹತ್ತಿರ ಮಾತಾಡ್ಬೇಕಂತೆ. ಆಗ್ಲಿ. ಬೇಗ ಮುಗಿಸಿ."

ಅಚ್ಚುತಣ್ಣ ಜಗಲಿಯ ಮೂಲೆಗೆ ಬಂದು ನಿಂತರು.

"ಅವರಿಗೆ ಗೊತ್ತಾಗಿದೆ ಮೇಡಂ. ದೈವದ ಗುಡಿಯಲ್ಲಿ ನಾನು ತಪ್ಪುಕಾಣಿಕೆ ಇಟ್ಟದ್ದು. 'ತಪ್ಪು ಮಾಡದೆ ಯಾರಾದ್ರೂ ಕಾಣಿಕೆ ಇಡ್ತಾರನಾ? ದೈವಕ್ಕೆ ಹೇಳಿದ್ದನ್ನು ನನಗೂ ಹೇಳು' ಅಂತಾರೆ."

"ನೀವು ಎಂತಕ್ಕೆ ಇಟ್ಟದ್ದು?"

"ಎಂತಕ್ಕೆ ಅಂದ್ರೆ? ನಮ್ಮಲ್ಲಿ ಹಾಗೇ ಅಲ್ವಾ. ಮಾಡಿದ್ದಕ್ಕೆ ಮಾತ್ರ ಅಲ್ಲ, ಮಾಡಿದೆನೋ ಇಲ್ಲವೋ ಅಂತ ಗೊತ್ತಿಲ್ಲದಕ್ಕೂ ಇಡುದು. ಅವನು ಸತ್ತದ್ದು ನನ್ನ ತಂತಿಯಲ್ಲಿ. ಸುಮ್ಮನೆ ಕೂರ್ಲಿಕ್ಕೆ ಆಗ್ತದಾ?"

"ಆ ದಿನ ಸ್ವಿಚ್ ಹಾಕಿದ್ದು ನೆನಪುಂಟಾ?"

"ಇಲ್ಲ. ದಿನಾ ರಾತ್ರಿ ಹಾಕುದು ನಾನೇ. ಬೆಳಗ್ಗೆ ತೆಗೆಯುದೂ ನಾನೇ. ಆ ದಿನ ಜ್ವರ, ಬೇಗ ಮಲಗಿದ್ದೆ. ಹಾಕಿದೆನೋ, ವಾಸಂತಿ ಹಾಕಿದಳೋ, ಅವನೇ ಬಂದು ಹಾಕಿದನೋ. ನೆನಪಿಲ್ಲ. ಆದರೂ ನಾನೇ ಅಂತ ಹೇಳಿಬಿಟ್ರೆ ಹಗುರ ಆಗ್ತದೆ."

ಅವರ ಪರವಾಗಿ ನಿರ್ಧರಿಸಲು ನನಗೆ ಅಧಿಕಾರವಿರಲಿಲ್ಲ. ಸುಮ್ಮನಿರುವ ಹಕ್ಕು ಅವರದ್ದು, ಬಿಟ್ಟುಕೊಡುವುದೂ ಅವರದ್ದೇ.

"ಠಾಣೆಯಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿ ಆಗುದಿಲ್ಲ," ಎಂದೆ. "ಆದರೆ ಆ ಮಾತಿನ ಜಾಡು ಹಿಡಿದು ಏನಾದ್ರೂ ಸಿಕ್ಕಿದ್ರೆ ಅದು ಆಗ್ತದೆ. ಹೇಳಲೇಬೇಕು ಅಂತ ನಿಮಗಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳ್ಬಹುದು, ಯೋಚನೆ ಮಾಡ್ಲಿಕ್ಕೆ ಅವರು ಸಮಯ ಕೊಡ್ತಾರೆ. ನೆನಪಿಲ್ಲದ್ದನ್ನು ಇಲ್ಲಿ ಹಗುರ ಆಗ್ಲಿಕ್ಕೆ ಹೇಳುದಾ, ನೀವೇ ನೋಡಿ."

ಅವರು ಒಳಗೆ ಹೋದರು. ಗಾಜಿನ ಆಚೆ ತುಟಿಗಳು ಒಮ್ಮೆ ಅಲುಗಿ ನಿಂತವು. ಸುದರ್ಶನ ಪೆನ್ನು ಕೆಳಗಿಟ್ಟರು.

"ಅದಕ್ಕೆ ಉತ್ತರ ಹೇಳುದಿಲ್ಲ ಅಂದ," ಎಂದು ಸುದರ್ಶನ ಹೊರಗೆ ಬಂದು ಹೇಳಿದರು. ಸಿಟ್ಟಿರಲಿಲ್ಲ, ದಣಿವಿತ್ತು. "ಸತ್ತವನ ತಾಯಿಗೆ ನಾನು ಎಂತ ಹೇಳ್ಲಿ ಮೇಡಂ?"

ಮರುದಿನ ಅಚ್ಚುತಣ್ಣನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಕೆಲವು ವಾರಗಳ ನಂತರ ಪುತ್ತೂರಿನ ಸೆಷನ್ಸ್ ಕೋರ್ಟಿನಲ್ಲಿ ಜಾಮೀನಾಯಿತು. ಗೊತ್ತಿದ್ದೇ ಕರೆಂಟು ಹಾಕಿದ್ದಕ್ಕೆ ಸದ್ಯಕ್ಕೆ ಆಧಾರವಿಲ್ಲ ಎಂದರು ನ್ಯಾಯಾಧೀಶರು. ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು ಎಂಬ ಷರತ್ತು ಇತ್ತು. ಕೃಷ್ಣಮೋಹನನ ಅಮ್ಮನೂ ಸಾಕ್ಷಿ.

ಕೆಲವು ದಿನ ಕಳೆದು ಸಹಿಗೆಂದು ಕಾಗದ ಹಿಡಿದು ಅಚ್ಚುತಣ್ಣನ ಮನೆಗೆ ಹೋದೆ. ಅವರು ಸೊರಗಿಹೋಗಿದ್ದರು. ಬದುವಿನಲ್ಲಿ ತಂತಿ ಇರಲಿಲ್ಲ. ಹಂದಿ ಕೆದಕಿದ ಗದ್ದೆ ಹಾಗೇ ಬಿದ್ದಿತ್ತು.

"ಒಂದು ಕೇಳ್ಲಾ ಮೇಡಂ? ಠಾಣೆಯಲ್ಲಿ ಸುಮ್ಮನಿದ್ದೆ. ಅವನ ಅಮ್ಮನ ಹತ್ತಿರ ಹೇಳ್ಬಹುದಾ? ನನಗೆ ನೆನಪಿಲ್ಲ, ಆದರೆ ನಾನೇ ಇರ್ಬೇಕು ಅಂತ?"

"ಪೊಲೀಸರಿಗೆ ಹೇಳಿದ್ದು ಸಾಕ್ಷಿ ಆಗುದಿಲ್ಲ ಅಚ್ಚುತಣ್ಣ. ಬೇರೆಯವರಿಗೆ ಹೇಳಿದ್ದು ಆಗ್ತದೆ. ಅವರನ್ನು ಕೋರ್ಟಿನಲ್ಲಿ ಕೇಳ್ತಾರೆ."

"ಹೌದಾ," ಎಂದರು ಅಷ್ಟೆ. ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳುವ ಹಾಗಿಲ್ಲ.

ಆಗ ತೋಡಿನ ಆಚೆ, ಕೃಷ್ಣಮೋಹನನ ಮನೆ ಕಡೆಯಿಂದ ಮುದಿ ದನಿಯೊಂದು ಕರೆಯಿತು. "ಅಚ್ಚುತಾ..."

ಅವರು ಅಲುಗಲಿಲ್ಲ. ನನ್ನ ಮುಖ ನೋಡಿದರು, ಗಾಜಿನ ಆಚೆಯಿಂದ ನೋಡಿದ ಹಾಗೆಯೇ.

"ಅಚ್ಚುತಾ..."

ಸಿಟ್ಟಿನ ಕರೆಯೋ, ಅಳುವ ಕರೆಯೋ ತಿಳಿಯಲಿಲ್ಲ. ಹೇಳಲು ನನ್ನ ಬಳಿ ಕಾನೂನು ಇರಲಿಲ್ಲ.

"ಅಚ್ಚುತಾ, ಇದ್ದಿಯನಾ?"

"ಓ," ಎಂದರು ಅಚ್ಚುತಣ್ಣ.

ಅದೊಂದೇ. ಮತ್ತೇನೂ ಹೇಳದೆ, ತಂತಿಯಿಲ್ಲದ ಬದುವಿನ ತನಕ ನಡೆದು ಹೋಗಿ ಅಲ್ಲೇ ನಿಂತರು.